ಐದು ನಿಮಿಷದ ಅನಿಮೇಷನ್ ಕಿರುಚಿತ್ರಕ್ಕೆ ಕೈಚಿತ್ರವೇ, ಕಟೌಟೇ, ತ್ರೀಡಿಯೇ? ಮಾಡಿದವರು ಹೇಳಿ

ಕೇಳಿದವರು: ನಾವು ಮೂವರು. ಒಬ್ಬ ಅಜ್ಜಿ, ಒಬ್ಬ ಹುಡುಗ, ಇಡೀ ಕಥೆ ಒಂದೇ ಮನೆಯೊಳಗೆ. ಇಬ್ಬರಿಗೆ ಚಿತ್ರ ಬರೆಯೋಕೆ ಬರುತ್ತೆ, ಒಬ್ಬನಿಗೆ ತ್ರೀಡಿ ಸಾಫ್ಟ್‌ವೇರ್ ಬ್ಲೆಂಡರ್ ಗೊತ್ತು. ಕಂಪ್ಯೂಟರ್ ಎರಡು. ಹೊರಗಿನವರಿಂದ ಮಾಡಿಸೋಕೆ ದುಡ್ಡಿಲ್ಲ. ಕೈಚಿತ್ರ, ತುಂಡುಗಳನ್ನು ಕೀಲಿನಲ್ಲಿ ಆಡಿಸುವ ಕಟೌಟ್, ತ್ರೀಡಿ, ಇದರಲ್ಲಿ ಯಾವುದು ಹಿಡಿಯೋದು?

ಗೆರೆಗಾರ: ಕೈಚಿತ್ರ ಅಂದ ಕೂಡಲೇ ಎಲ್ಲರೂ 300 ಸೆಕೆಂಡು, ಸೆಕೆಂಡಿಗೆ 12 ಚಿತ್ರ, ಒಟ್ಟು 3600 ಅಂತ ಹೆದರಿಸ್ತಾರೆ. ಆ ಲೆಕ್ಕ ಹಾಗೇ ಬರೋದೇ ಇಲ್ಲ. ಪಾತ್ರ ಕೂತು ಮಾತು ಕೇಳ್ತಿದ್ದರೆ ಮೈಗೆ ಒಂದೇ ಚಿತ್ರ ಸಾಕು, ಕಣ್ಣು ಬಾಯಿ ಬೇರೆ ಲೇಯರ್‌ನಲ್ಲಿ ಆಡುತ್ತೆ. ನಮ್ಮದರಲ್ಲಿ ಇಡೀ ಮೈ ಅಲುಗುವ ಭಾಗ 120 ಸೆಕೆಂಡು, ಅಂದರೆ 1440 ಚಿತ್ರ. ಸಮಯ ನುಂಗಿದ್ದು ಕರಡು ಗೆರೆಯನ್ನು ಅಚ್ಚುಕಟ್ಟಾಗಿ ಮತ್ತೆ ಬರೆಯುವ ಕ್ಲೀನಪ್ಪು ಮತ್ತು ಬಣ್ಣ. ಚಿತ್ರಕ್ಕೆ 20 ನಿಮಿಷ ಹಿಡಿದರೂ 480 ಗಂಟೆ. ದಿನಕ್ಕೆ 6 ಗಂಟೆ ಕೂತರೆ ಒಬ್ಬರಿಗೆ 80 ದಿನ.

ಈ 20 ನಿಮಿಷವನ್ನು 10 ಮಾಡೋದು ಪಾತ್ರದ ವಿನ್ಯಾಸ. ಹುಡುಗನಿಗೆ ಚೌಕಳಿ ಅಂಗಿ ತೊಡಿಸಿದರೆ ಪ್ರತಿ ಚಿತ್ರಕ್ಕೂ ಮೂವತ್ತು ಗೆರೆ ಹೆಚ್ಚು, ಅವೂ ಮಡಿಕೆ ಜೊತೆ ಸರಿಯಾಗಿ ಓಡಬೇಕು, ಇಲ್ಲದಿದ್ದರೆ ಅಂಗಿ ಕುದಿದಂತೆ ನಡುಗುತ್ತೆ. ಪೆನ್ಸಿಲಿನಂಥ ಒರಟು ಬ್ರಷ್ಷೂ ಬೇಡ. ಗೆರೆಯಲ್ಲಿ ಸಣ್ಣ ಬಿರುಕು ಉಳಿದರೆ ಬಣ್ಣ ಹೊರಗೆ ಸೋರುತ್ತೆ, ಆ ಬಿರುಕು ಹುಡುಕೋದರಲ್ಲೇ ದಿನ ಮುಗಿಯುತ್ತೆ. ಇದನ್ನು ಮೊದಲೇ ಕಟ್ಟುನಿಟ್ಟು ಮಾಡಿಕೊಂಡರೆ ಮೂವರಿಗೂ ಕೈಚಿತ್ರವೇ ಸಾಕು.

ಹೊಸಗಣ್ಣು: ತ್ರೀಡಿ ಮಾಡಿ ಗುರು. ಬ್ಲೆಂಡರ್ ಉಚಿತ. ಅದರಲ್ಲೇ ಮಾಡಿದ ಫ್ಲೋ ಚಲನಚಿತ್ರಕ್ಕೆ 2025ರಲ್ಲಿ ಆಸ್ಕರ್ ಬಂತು. ಒಮ್ಮೆ ಪಾತ್ರವನ್ನು ಆಡಿಸೋ ಕೀಲುಗಳ ರಿಗ್ ಆಯ್ತು ಅಂದರೆ ಅನಿಮೇಷನ್ ಸುಮ್ಮನೆ ಮುಖ್ಯ ಭಂಗಿಗಳಿಗೆ ಕೀ ಹಾಕೋದಷ್ಟೆ.

ಮೆಶ್‌ಮನೆ: ತ್ರೀಡಿಯವನಾಗಿ ನಾನೇ ಹೇಳ್ತೀನಿ, ಫ್ಲೋ ಹೆಸರು ಇಲ್ಲಿ ಎಳೆಯಬೇಡಿ. ಅದರ ಬಜೆಟ್ ಸುಮಾರು 35 ಲಕ್ಷ ಯೂರೋ. ಅದರ ಪ್ರಾಣಿಗಳು ಮಾತೂ ಆಡೋದಿಲ್ಲ.

ಕೇಳಿದವರ ಕಥೆ ಒಂದೇ ಮನೆಯೊಳಗೆ ಅನ್ನೋದು ಮಾತ್ರ ತ್ರೀಡಿ ಪರ. ಕೋಣೆ ಒಮ್ಮೆ ಕಟ್ಟಿದರೆ ಎಲ್ಲ ಕೋನಕ್ಕೂ ಹಿನ್ನೆಲೆ ಸಿದ್ಧ, ಕೈಚಿತ್ರದಲ್ಲಾದರೆ ಶಾಟಿಗೊಂದು ಹಿನ್ನೆಲೆ ಬರೆಯಬೇಕು. ದುಡಿಸೋದು ಪಾತ್ರಗಳು ಒಬ್ಬರನ್ನೊಬ್ಬರು ಮುಟ್ಟುವ ಶಾಟುಗಳು. ಅಜ್ಜಿ ಹುಡುಗನನ್ನು ತಬ್ಬಿದರೆ ಕೈ ಬೆನ್ನೊಳಗೆ ಹೋಗುತ್ತೆ, ಸೀರೆ ಮಂಡಿಯೊಳಗೆ ತೂರುತ್ತೆ. ಲೋಟ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ, ಅಂಟು ಬದಲಾಗುವ ಆ ಒಂದು ಫ್ರೇಮಿನಲ್ಲಿ ಲೋಟ ಸಟಕ್ಕನೆ ಹಾರುತ್ತೆ. ಇಂಥವನ್ನು ಕೈಯಾರೆ ಫ್ರೇಮ್ ಫ್ರೇಮ್ ತಿದ್ದಬೇಕು. ಕೈಚಿತ್ರದಲ್ಲಿ ಇವು ಬರೀ ಚಿತ್ರ, ಸಮಸ್ಯೆಯೇ ಅಲ್ಲ.

ರೆಂಡರ್ ಲೆಕ್ಕ: ಸೆಕೆಂಡಿಗೆ 24ರಂತೆ 7200 ಫ್ರೇಮು. ಬ್ಲೆಂಡರಿನ ನಿಧಾನದ ರೆಂಡರ್ ಎಂಜಿನ್ ಸೈಕಲ್ಸ್‌ನಲ್ಲಿ ಫ್ರೇಮಿಗೆ 5 ನಿಮಿಷ ಅಂದರೆ 600 ಗಂಟೆ, ಒಂದು ಕಂಪ್ಯೂಟರ್ ಹಗಲಿರುಳು 25 ದಿನ. ಅದೂ ಒಂದೇ ಸಲಕ್ಕೆ ಎಲ್ಲ ಸರಿ ಬಂದರೆ. ಅದರದ್ದೇ ವೇಗದ ಎಂಜಿನ್ ಈವೀ ಹಿಡಿದರೆ ಫ್ರೇಮಿಗೆ ಸೆಕೆಂಡುಗಳಲ್ಲಿ ಮುಗಿಯಬಹುದು, ಆದರೆ ನೆರಳು ಬೆಳಕನ್ನು ಕೈಯಲ್ಲಿ ಹೊಂದಿಸಬೇಕು. ಯಾವುದೇ ಆಗಲಿ, ನೇರ ವಿಡಿಯೋ ಫೈಲ್ ಮಾಡಬೇಡಿ. ಮಧ್ಯೆ ಕರೆಂಟ್ ಹೋದರೆ ಪೂರಾ ಹೋಯ್ತು. ಬಿಡಿ ಚಿತ್ರಗಳಾಗಿ ತೆಗೆಯಿರಿ, ನಿಂತ ಫ್ರೇಮಿನಿಂದ ಮತ್ತೆ ಶುರು ಮಾಡಬಹುದು. 120 ಫ್ರೇಮಿನ ಒಂದು ಶಾಟಿಗೆ ಹೀಗೆ:

```
blender -b mane.blend -o //render/f_#### -F PNG -s 1 -e 120 -a
```

ಸರಣಿ ಕೆಲಸ: ಕಟೌಟ್ ಬಿಟ್ಟು ಬೇರೆ ಯೋಚನೆ ಯಾಕೆ? 26 ಕಂತಿಗೆ ಒಂದೇ ರಿಗ್. ಕೈ, ಬಾಯಿ, ನಡಿಗೆ ಎಲ್ಲ ಲೈಬ್ರರಿಯಲ್ಲಿ. ಮೂರನೇ ಕಂತಿನಿಂದ ಲಾಭ ಕಾಣುತ್ತೆ.

ಗೆರೆಗಾರ: ಮೇಡಂ, ಅವರದು ಒಂದೇ ಕಿರುಚಿತ್ರ. ಮೂರನೇ ಕಂತು ಎಲ್ಲಿಂದ ತರೋದು? ಅಲ್ಲದೆ ಕಟೌಟ್ ಅಂದರೆ ತುಂಡು ತಿರುಗಿಸೋದು, ಅದನ್ನು ಅನಿಮೇಷನ್ ಅನ್ನೋಕೂ ಮನಸ್ಸು ಬರೋಲ್ಲ.

ಕೀಲುಗೊಂಬೆ: ಲೊಟ್ಟೆ ರೈನಿಗರ್ 1926ರಲ್ಲೇ ರಟ್ಟು, ಸೀಸದ ತಗಡು ಕತ್ತರಿಸಿ ಇಡೀ ಚಲನಚಿತ್ರ ಮಾಡಿದ್ದಾರೆ. ಅದೂ ಅನಿಮೇಷನ್ ಅಲ್ಲವೋ? ಬಿಡಿ, ಕೆಲಸದ ಮಾತಿಗೆ ಬರೋಣ.

ಕಟೌಟಿನಲ್ಲಿ ಸೋಲೋದು ಎರಡೇ ಕಡೆ. ಒಂದು ಕೀಲು. ಮೇಲ್ತೋಳಿನ ತುದಿಯೂ ಮುಂಗೈಯ ಶುರುವೂ ಒಂದೇ ಅಳತೆಯ ವೃತ್ತವಾಗಿರಬೇಕು, ತುಂಡು ತಿರುಗುವ ಬಿಂದು, ಅಂದರೆ ಪಿವಟ್, ಆ ವೃತ್ತದ ನಟ್ಟನಡುವೆ ಕೂರಬೇಕು. ನಾಲ್ಕು ಪಿಕ್ಸೆಲ್ ಆಚೀಚೆ ಆದರೂ ಕೈ ಮಡಿಸಿದಾಗ ಮೊಣಕೈ ಹೊರಗೆ ಚುಚ್ಚುತ್ತೆ. ಹೊರಗೆರೆ ಇರುವ ಪಾತ್ರವಾದರೆ ಕೀಲಿನ ಮೇಲೆ ಅಡ್ಡಗೆರೆ ಕಾಣುತ್ತೆ, ಅದನ್ನು ಮುಚ್ಚೋಕೆ ಗೆರೆಯಿಲ್ಲದ, ಬರೀ ಬಣ್ಣದ ತುಂಡೊಂದು ಮೇಲೆ ಬೇಕು. ನಡಿಗೆಯಲ್ಲಿ ಪಾದ ಜಾರೋದೂ ಹೀಗೇ ಅಳತೆಯ ತಪ್ಪು. 24 ಫ್ರೇಮಿಗೆ ಎರಡು ಹೆಜ್ಜೆ, ಹೆಜ್ಜೆಗೆ 240 ಪಿಕ್ಸೆಲ್ ಅಂದರೆ ಮೈ ಫ್ರೇಮಿಗೆ 20 ಪಿಕ್ಸೆಲ್ ಮುಂದೆ ಹೋಗುತ್ತೆ. ನೆಲಕ್ಕೆ ಊರಿದ ಪಾದ ಆವರ್ತದೊಳಗೆ ಅಷ್ಟೇ 20 ಹಿಂದೆ ಸರಿಯಬೇಕು. ಊರಿದ ಪಾದಕ್ಕೆ ವೇಗ ಏರಿಳಿಸುವ ಈಸ್ ಹಾಕಿದರೆ ಜಾರಿತು ಅಂತಲೇ.

ಎರಡನೆಯದು ತಿರುಗೋದು, ದೊಡ್ಡ ಖರ್ಚು ಇಲ್ಲಿದೆ. ಎದುರು ಮುಖಕ್ಕೆ 25 ತುಂಡು ಮಾಡಿದ್ದು ಪಕ್ಕದ ಮುಖಕ್ಕೆ ಬರೋದಿಲ್ಲ. ಎದುರು, ಮುಕ್ಕಾಲು, ಪಕ್ಕ, ಹಿಂದಿನ ಮುಕ್ಕಾಲು, ಬೆನ್ನು ಅಂತ ಐದೂ ಮಾಡಿದರೆ ಪಾತ್ರಕ್ಕೆ 125 ತುಂಡು, ಇಬ್ಬರಿಗೆ 250. ಒಂದು ಕಿರುಚಿತ್ರಕ್ಕೆ ಇದು ಎಂದೂ ಗಿಟ್ಟೋಲ್ಲ. ಶಾಟುಗಳ ಕರಡು ಚಿತ್ರಗಳನ್ನು ಸಮಯಕ್ಕೆ ಜೋಡಿಸಿದ ಅನಿಮ್ಯಾಟಿಕ್ ಮುಂದಿಟ್ಟುಕೊಂಡು, ಯಾವ ಪಾತ್ರ ಯಾವ ಶಾಟಿನಲ್ಲಿ ಯಾವ ಕೋನದಲ್ಲಿ ಕಾಣುತ್ತೆ ಅಂತ ಪಟ್ಟಿ ಮಾಡಿ. ಸಾಮಾನ್ಯವಾಗಿ ಮುಕ್ಕಾಲು ಮತ್ತು ಪಕ್ಕ ಎರಡರಲ್ಲೇ ಬಹುಪಾಲು ಮುಗಿಯುತ್ತೆ. ತಿರುಗುವ ಆ ಕ್ಷಣಕ್ಕೆ ಮಾತ್ರ ಮೂರು ನಾಲ್ಕು ಚಿತ್ರ ಕೈಯಲ್ಲೇ ಬರೆದು ನಡುವೆ ಸೇರಿಸಿ. ತಲೆ ಸ್ವಲ್ಪ ಬಾಗಿ ಕಣ್ಣು ಮುಚ್ಚುವ ಹೊತ್ತಿಗೆ ಬದಲಿಸಿದರೆ ಯಾರಿಗೂ ಗೊತ್ತಾಗೋಲ್ಲ.

ಕೇಳಿದವರು: ಪಟ್ಟಿ ಮಾಡಿದ್ವಿ. 34 ಶಾಟು. 22ರಲ್ಲಿ ಮುಕ್ಕಾಲು ಅಥವಾ ಪಕ್ಕ. 6ರಲ್ಲಿ ಯಾರಾದರೂ ತಿರುಗ್ತಾರೆ. 2ರಲ್ಲಿ ಅಜ್ಜಿ ಹುಡುಗನನ್ನು ಎತ್ತಿಕೊಳ್ತಾಳೆ. ಉಳಿದ 4 ಬರೀ ಮನೆ, ಅದರಲ್ಲಿ ಒಂದರಲ್ಲಿ ಕ್ಯಾಮೆರಾ ಕೋಣೆಯಿಂದ ಕೋಣೆಗೆ ಹೋಗುತ್ತೆ.

ಕೀಲುಗೊಂಬೆ: ಹಾಗಾದರೆ 22ಕ್ಕೆ ಕಟೌಟ್, 6ರ ತಿರುವಿಗೆ ಮತ್ತು ಎತ್ತಿಕೊಳ್ಳುವ 2ಕ್ಕೆ ಕೈಚಿತ್ರ. ಪಾತ್ರಕ್ಕೆ ಎರಡು ಕೋನದ ರಿಗ್, ಒಟ್ಟು 100 ತುಂಡು.

ಮೆಶ್‌ಮನೆ: ಬ್ಲೆಂಡರ್ ಗೊತ್ತಿರೋ ಹುಡುಗ ಮನೆಯನ್ನು ಬರೀ ಡಬ್ಬಗಳಲ್ಲಿ ಕಟ್ಟಲಿ, ಬಾಗಿಲು ಕಿಟಕಿ ಅಳತೆ ಸರಿ ಇದ್ದರೆ ಸಾಕು. ಪ್ರತಿ ಶಾಟಿಗೂ ಕ್ಯಾಮೆರಾ ಇಟ್ಟು ಒಂದು ಚಿತ್ರ ತೆಗೆದು ಅದರ ಮೇಲೆ ಹಿನ್ನೆಲೆ ಬರೆಯಿರಿ. ಕೋಣೆಯಿಂದ ಕೋಣೆಗೆ ಹೋಗುವ ಶಾಟಿಗೆ ಮಾತ್ರ ಪೂರ್ತಿ ಬಣ್ಣ ಬಳಿದು ರೆಂಡರ್ ಮಾಡಿ. ಕ್ಯಾಮೆರಾ ಚಲನೆ 24ರಲ್ಲೇ ಇರಲಿ, 12ರಲ್ಲಿ ತೆಗೆದರೆ ಗೋಡೆ ನಡುಗುತ್ತೆ.

ಗೆರೆಗಾರ: ಮೂರನ್ನೂ ಬೆರೆಸಿದರೆ ಗೆರೆ ಎಲ್ಲಿ ಹೊಂದುತ್ತೆ ಸ್ವಾಮಿ? ಕಟೌಟ್ ತುಂಡನ್ನು 130 ಶೇಕಡಕ್ಕೆ ಹಿಗ್ಗಿಸಿದರೆ 4 ಪಿಕ್ಸೆಲ್ ಗೆರೆ 5 ದಾಟುತ್ತೆ. ಪಕ್ಕದಲ್ಲೇ ಕೈಯಲ್ಲಿ ಬರೆದದ್ದು 4ರಲ್ಲೇ ಇರುತ್ತೆ. ಕಣ್ಣಿಗೆ ರಾಚುತ್ತೆ.

ಕೀಲುಗೊಂಬೆ: ಅದಕ್ಕೇ ಪ್ರತಿ ಪಾತ್ರವನ್ನು ಅತಿ ಹತ್ತಿರದ ಶಾಟಿನ ಅಳತೆಯಲ್ಲಿ ಬರೆದು, ದೂರದ ಶಾಟಿಗೆ ಕುಗ್ಗಿಸೋದು. ಕೈಚಿತ್ರದವರೂ ಅದೇ ಶಾಟಿನ ಗೆರೆ ದಪ್ಪ ಅಳೆದು ಬ್ರಷ್ ಇಟ್ಟುಕೊಳ್ಳಲಿ.

ಗೆರೆಗಾರ: ಕುಗ್ಗಿಸಿದರೆ ದೂರದ ಶಾಟಿನಲ್ಲಿ ಗೆರೆ ಕೂದಲಿನಷ್ಟು ಆಗೋಲ್ವಾ? ಹೊರಗೆರೆಯೇ ಬೇಡ ಅನ್ನಿ, ಬರೀ ಬಣ್ಣದ ಆಕಾರ ಇಡಿ. ಆಗ ನಿಮ್ಮ ಮೊಣಕೈಯ ತೇಪೆಯೂ ಬೇಡ.

ಕೀಲುಗೊಂಬೆ: ಅದನ್ನು ಒಪ್ತೀನಿ. ಆದರೆ ಎತ್ತಿಕೊಳ್ಳುವ ಶಾಟಿನಲ್ಲಿ ಅಜ್ಜಿಯ ತೋಳೂ ಹುಡುಗನ ಬೆನ್ನೂ ಒಂದೇ ಬಣ್ಣ ಆಗದಂತೆ ಬಟ್ಟೆ ಬಣ್ಣ ಈಗಲೇ ಬೇರೆ ಮಾಡಿಕೊಳ್ಳಿ. ರಿಗ್ ಆದ ಮೇಲೆ 100 ತುಂಡಿನ ಬಣ್ಣ ಬದಲಿಸೋಕೆ ಯಾರೂ ಸಿಗೋಲ್ಲ.

ಹೊಸಗಣ್ಣು: ನಾನು ಇನ್ನೂ ಪೂರ್ತಿ ತ್ರೀಡಿ ಅಂತಲೇ ಹೇಳ್ತೀನಿ.

ಮೆಶ್‌ಮನೆ: ಎತ್ತಿಕೊಳ್ಳುವ ಶಾಟ್ ಒಂದನ್ನು, ಐದೇ ಸೆಕೆಂಡು, ನೀವೇ ಮಾಡಿ ತೋರಿಸಿ. ಸೀರೆ ಸಮೇತ.