ರೈಟರ್ ಅವರನ್ನು ಕೇಳಿ: ಕಾಳುಮೆಣಸಿನ ಚೀಟಿಗಳನ್ನು ಹಗುರದಿಂದ ಭಾರಕ್ಕೆ ಜೋಡಿಸುವುದು

ಮೂಡಿಗೆರೆಯ ಬೆಳೆಗಾರ್ತಿ: ಐದು ಮನೆಯವರ ಮೆಣಸು ನಮ್ಮ ಗೋಡೌನಿನಲ್ಲಿದೆ. ಚೀಟಿಗಳಲ್ಲಿ 8500 ಗ್ರಾಂ, 2 ಕ್ವಿಂಟಾಲ್ 5 ಕೆಜಿ, 215 ಕೆಜಿ, 8 ಕೆಜಿ 50 ಗ್ರಾಂ, 2.5 ಕ್ವಿಂಟಾಲ್ ಅಂತ ಬರೆದಿದ್ದಾರೆ. ಕಮ್ಮಿ ಇರುವವರದ್ದು ಮೊದಲು ಕಳಿಸಬೇಕು. ಹೇಗೆ ಜೋಡಿಸಲಿ?

ಬೇಲೂರಿನ ಅಂಗಡಿಯವರು: ಸುಲಭ ಅಕ್ಕ. ಗ್ರಾಂ ಮೊದಲು, ಆಮೇಲೆ ಕೆಜಿ, ಕ್ವಿಂಟಾಲ್ ಕೊನೆಗೆ.

ಎಸ್ಟೇಟ್ ರೈಟರ್, ಚಿಕ್ಕಮಗಳೂರು: ಅಂಗಡಿಯವರು ಹೇಳಿದ್ದು ಒಂದೊಂದು ಕೆಜಿ, ಒಂದೊಂದು ಕ್ವಿಂಟಾಲ್ ಇದ್ದಾಗ ಮಾತ್ರ ಸರಿ. ಇಲ್ಲಿ ಹಾಗೆ ಮಾಡಿದರೆ ಎರಡು ಕಡೆ ತಪ್ಪುತ್ತದೆ. ಎಲ್ಲವನ್ನೂ ಕೆಜಿಗೆ ತಂದುಕೊಳ್ಳಿ. 8500 ಗ್ರಾಂ ಅಂದರೆ ಎಂಟೂವರೆ ಕೆಜಿ. 8 ಕೆಜಿ 50 ಗ್ರಾಂ ಅದಕ್ಕಿಂತ 450 ಗ್ರಾಂ ಕಮ್ಮಿ, ಹಾಗಾಗಿ ಅದೇ ಮೊದಲು. ಇದನ್ನು 8.50 ಅಂತ ಬರೆದುಬಿಟ್ಟರೆ ಎರಡೂ ಒಂದೇ ತೂಕ ಆಗಿಬಿಡುತ್ತದೆ. ಕೆಜಿಯಲ್ಲಿ ಬರೆಯುವಾಗ ಗ್ರಾಮಿಗೆ ಪಾಯಿಂಟ್ ಆದ ಮೇಲೆ ಮೂರು ಅಂಕಿ ಜಾಗ ಬಿಡಿ: 8.050.

ಕ್ವಿಂಟಾಲಿನಲ್ಲೂ ಇದೇ ಕಥೆ. 2 ಕ್ವಿಂಟಾಲ್ 5 ಕೆಜಿ ಅಂದರೆ 205 ಕೆಜಿ. 2.5 ಕ್ವಿಂಟಾಲ್ ಅಂದರೆ 250. ನಡುವೆ 215 ಕೆಜಿಯವರು ಬರುತ್ತಾರೆ. ಒಟ್ಟು ಸಾಲು ಹೀಗೆ: 8 ಕೆಜಿ 50 ಗ್ರಾಂ, 8500 ಗ್ರಾಂ, 2 ಕ್ವಿಂಟಾಲ್ 5 ಕೆಜಿ, 215 ಕೆಜಿ, 2.5 ಕ್ವಿಂಟಾಲ್.

ಹಾಸನದ ಶುಂಠಿ ಬೆಳೆಗಾರ: ಸರ್, ನಂದು ನಾಲ್ಕು ಮೂಟೆ ಶುಂಠಿ. ಈ ಸಾಲಿನಲ್ಲಿ ಎಲ್ಲಿ ಬರುತ್ತೆ?

ಎಸ್ಟೇಟ್ ರೈಟರ್: ಅವರು ಕೇಳಿದ್ದು ಮೆಣಸಿನ ಚೀಟಿ ಅಣ್ಣ, ಆದರೂ ಹೇಳುತ್ತೇನೆ. ನಿಮ್ಮ ಕಡೆ ಶುಂಠಿಗೆ 60 ಕೆಜಿ ಮೂಟೆ ಅಲ್ವಾ? ಹಾಗಾದರೆ 240 ಕೆಜಿ, 215ರ ನಂತರ. 50ರ ಚೀಲ ತುಂಬಿದ್ದರೆ 200 ಕೆಜಿ, ಆಗ 2 ಕ್ವಿಂಟಾಲ್ 5 ಕೆಜಿಗಿಂತ ಮೊದಲು. ಮೂಟೆ ಅಂತ ಮಾತ್ರ ಬರೆದರೆ ಜೋಡಿಸೋಕೆ ಆಗಲ್ಲ.

ಹಾಸನದ ಶುಂಠಿ ಬೆಳೆಗಾರ: ಈ ಸಲ ಎರಡೂ ತರದ ಚೀಲ ಸೇರಿಕೊಂಡಿದೆ ಸರ್. ಯಾವುದು ಎಷ್ಟು ಅಂತ ನೋಡಬೇಕು.

ಮೂಡಿಗೆರೆಯ ಬೆಳೆಗಾರ್ತಿ: ಸರ್, ಒಂದು ಅನುಮಾನ. 2.5 ಅಂತ ಬರೆದವರು ಎರಡು ಕ್ವಿಂಟಾಲ್ ಐದು ಕೆಜಿ ಅನ್ನೋದನ್ನೇ ಹಾಗೆ ಬರೆದಿರಬಹುದಲ್ವಾ?

ಎಸ್ಟೇಟ್ ರೈಟರ್: ಖಂಡಿತ ಬರೆದಿರಬಹುದು. ಚೀಟಿ ನೋಡಿ ಅದನ್ನು ಹೇಳೋಕೆ ಆಗಲ್ಲ, ಒಟ್ಟು ತೂಕ ನೋಡಬೇಕು. ಐದೂ ಚೀಟಿ ಕೂಡಿದರೆ 686 ಕೆಜಿ 550 ಗ್ರಾಂ ಬರುತ್ತದೆ. ಚೀಲದ ತೂಕ ಕಳೆದ ಮೇಲೆ ಸುಮಾರು 45 ಕೆಜಿ ಕಮ್ಮಿ ಬಂದರೆ ಮೊದಲು ಆ ಚೀಟಿಯ ಮೇಲೇ ಅನುಮಾನ ಪಡಿ. ಆಗ ಅವರದ್ದೂ 205 ಕೆಜಿ ಅಂತಾಯ್ತು, 215 ಕೆಜಿಯವರಿಗಿಂತ ಮೊದಲು ಹೋಗಬೇಕು.

ಮೂಡಿಗೆರೆಯ ಬೆಳೆಗಾರ್ತಿ: ಸರಿ ಸರ್. ಲೋಡ್ ಮಾಡೋ ಮುಂಚೆ ಅವರ ಮೂಟೆಗಳನ್ನ ಇನ್ನೊಂದು ಸಲ ತೂಕ ಹಾಕಿಸುತ್ತೇನೆ.