ಮಿಶ್ರತಳಿ ರೇಷ್ಮೆ ಗೂಡಿನಿಂದ ಮನೆಯಲ್ಲೇ ಬಿತ್ತನೆ ಮೊಟ್ಟೆ: ಮಾಡಿ ನೋಡಿದವರಿದ್ದೀರಾ?

ಕೇಳಿದವರು: ನಾವು ಮೈಸೂರು ತಳಿ ಮತ್ತು ಸಿಎಸ್‌ಆರ್–2 ಸೇರಿದ ಮಿಶ್ರತಳಿ ಸಾಕುತ್ತೇವೆ. ಈ ಸಲ ಗೂಡು ತುಂಬಾ ಚೆನ್ನಾಗಿ ಬಂದಿದೆ. ತೂಕವಾದ, ಗಟ್ಟಿಯಾದ ಗೂಡುಗಳನ್ನೇ ಆರಿಸಿ ಚಿಟ್ಟೆ ಬಿಡಿಸಿ ಮೊಟ್ಟೆ ಇಡಿಸಿದರೆ ಮುಂದಿನ ಬೆಳೆಯೂ ಹೀಗೇ ಬರುತ್ತದೆಯೇ?

ಮಾಗಡಿ ಕಡೆಯ ಬೆಳೆಗಾರ: ನಾನು ಒಮ್ಮೆ ಮಾಡಿದ್ದೇನೆ, ಇನ್ನೊಮ್ಮೆ ಮಾಡುವುದಿಲ್ಲ. ಕೆಲವು ಚಿಟ್ಟೆಗಳ ಮೊಟ್ಟೆ ಹತ್ತು ಹನ್ನೊಂದು ದಿನಕ್ಕೆ ಒಡೆದವು, ಕೆಲವು ಕಪ್ಪಾಗಿ ಹಾಗೆಯೇ ಕುಳಿತವು. ಒಡೆದವುಗಳದ್ದೂ ಅದೇ ಪಾಡು. ನಾಲ್ಕನೇ ಜ್ವರದಲ್ಲಿ, ಅಂದರೆ ಪೊರೆ ಬಿಡುವ ಹೊತ್ತಿನಲ್ಲಿ, ಅರ್ಧ ಹುಳು ಮಲಗಿದ್ದರೆ ಇನ್ನರ್ಧ ಸೊಪ್ಪು ಕೇಳುತ್ತಿತ್ತು. ಗೂಡು ಕಟ್ಟಲು ಹಣ್ಣಾಗುವುದು ಐದು ದಿನ ಎಳೆಯಿತು. ಚಂದ್ರಿಕೆಯಲ್ಲಿ ನೋಡಿದರೆ ಹಸಿರು ಮಿಶ್ರಿತ ಹಳದಿಯ ಚೂಪು ಗೂಡು, ದುಂಡನೆಯ ಗೂಡು, ಬಿಳಿಯದು, ಎಲ್ಲ ಒಂದೇ ತಟ್ಟೆಯಲ್ಲಿ. ಮಾರುಕಟ್ಟೆಯಲ್ಲಿ ಒಬ್ಬರೂ ಒಳ್ಳೆಯ ಬೆಲೆ ಕೂಗಲಿಲ್ಲ.

ಬಿತ್ತನೆ ಕೋಠಿಯಲ್ಲಿದ್ದು ನಿವೃತ್ತನಾದವನು: ಮೈಸೂರು ತಳಿಯನ್ನು ಎಷ್ಟೋ ಪೀಳಿಗೆಯಿಂದ ತನ್ನೊಳಗೇ ಸಾಕಿಕೊಂಡು ಬಂದಿದ್ದೇವೆ. ಸಿಎಸ್‌ಆರ್–2 ಕೂಡ ಹಾಗೆಯೇ. ಇವೆರಡನ್ನು ಕೂಡಿಸಿದಾಗ ಪ್ರತಿ ಹುಳುವಿಗೂ ಪ್ರತಿ ಗುಣದ ಒಂದು ಪಾಲು ತಾಯಿಯಿಂದ, ಒಂದು ಪಾಲು ತಂದೆಯಿಂದ ಬರುತ್ತದೆ. ಒಂದರ ಕೊರತೆಯನ್ನು ಇನ್ನೊಂದು ಮುಚ್ಚುತ್ತದೆ. ಆದ್ದರಿಂದಲೇ ಹುಳು ಗಟ್ಟಿಮುಟ್ಟು, ಒಂದೇ ದಿನ ಹಣ್ಣಾಗುತ್ತದೆ. ಆದರೆ ಆ ಅಣ್ಣ ತಂಗಿಯರನ್ನೇ ಕೂಡಿಸಿದರೆ ಪಾಲುಗಳು ಮತ್ತೆ ಹಂಚಿಹೋಗುತ್ತವೆ. ಯಾವುದೇ ಒಂದು ಗುಣವನ್ನು ತೆಗೆದುಕೊಂಡರೂ ಕಾಲು ಭಾಗ ಅಜ್ಜಿಯಂತೆ, ಕಾಲು ಭಾಗ ಅಜ್ಜನಂತೆ, ಅರ್ಧ ಮಾತ್ರ ಮಿಶ್ರವಾಗಿ ಉಳಿಯುತ್ತದೆ. ಮಿಶ್ರಣದಿಂದ ಬಂದ ಕಸುವು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಜಪಾನಿನ ತೊಯಾಮಾ ಹಳದಿ ಮತ್ತು ಬಿಳಿ ಗೂಡಿನ ತಳಿಗಳನ್ನು ಕೂಡಿಸಿ 1906ರಲ್ಲಿ ಪ್ರಕಟಿಸಿದ್ದು ಇದನ್ನೇ: ಮೊದಲ ಪೀಳಿಗೆ ಪೂರ್ತಿ ಹಳದಿ, ಎರಡನೆಯದರಲ್ಲಿ, ಮಿಶ್ರವೂ ಹಳದಿಯಾಗಿಯೇ ಕಾಣುವುದರಿಂದ, ಮೂರು ಹಳದಿಗೆ ಒಂದು ಬಿಳಿ.

ಗಟ್ಟಿ ಗೂಡು ಆರಿಸುತ್ತೇನೆ ಎಂದಿರಲ್ಲ, ಅಲ್ಲೇ ಮೋಸವಿರುವುದು. ಮಿಶ್ರತಳಿಯ ಹುಳುಗಳು ಒಳಗೆ ಹೆಚ್ಚುಕಡಿಮೆ ಒಂದೇ. ಗೂಡಿನಲ್ಲಿ ಕಾಣುವ ವ್ಯತ್ಯಾಸ ಬಹುಪಾಲು ಸೊಪ್ಪಿನದು, ಶಾಖದ್ದು, ಹುಳು ಒತ್ತೊತ್ತಾಗಿದ್ದುದರದು. ಅದು ಮಕ್ಕಳಿಗೆ ಹೋಗುವುದಿಲ್ಲ. ಇನ್ನೊಂದು, ಹೆಣ್ಣು ಗೂಡೇ ಹೆಚ್ಚು ತೂಗುತ್ತದೆ. ತೂಕ ನೋಡಿ ಆರಿಸಿದರೆ ಕೊನೆಗೆ ಗಂಡು ಚಿಟ್ಟೆಗೆ ಹುಡುಕಾಡಬೇಕಾಗುತ್ತದೆ!

ಕನಕಪುರದಿಂದ ಒಬ್ಬರು: ಹಾಗಾದರೆ ಎರಡು ಶುದ್ಧ ತಳಿಗಳನ್ನೇ ತಂದು ನಾವೇ ಕೂಡಿಸಿದರಾಯಿತು. ಅರ್ಧರ್ಧ ಪಾಲು ಅಂದಮೇಲೆ ಯಾವುದು ತಾಯಿಯಾದರೇನು? ಸಿಎಸ್‌ಆರ್–2 ಹೆಣ್ಣು ಹೆಚ್ಚು ಮೊಟ್ಟೆ ಇಡುತ್ತದೆ, ಅದನ್ನೇ ತಾಯಿ ಮಾಡುವುದು ಲಾಭ.

ನಿವೃತ್ತ: ಹೆಚ್ಚು ಮೊಟ್ಟೆ ಇಡುವುದು ನಿಜ. ಆದರೆ ಮೊಟ್ಟೆ ಒಡೆಯಬೇಕೋ ಮಲಗಬೇಕೋ ಎಂಬುದನ್ನು ಒಳಗಿನ ಮರಿಯಲ್ಲ, ತಾಯಿ ತೀರ್ಮಾನಿಸುತ್ತಾಳೆ. ಮೈಸೂರು ತಳಿ ತಾಯಿಯಾದರೆ ಮೊಟ್ಟೆ ತಾನಾಗಿಯೇ ಒಡೆಯುತ್ತದೆ. ಸಿಎಸ್‌ಆರ್–2 ತಾಯಿಯಾದರೆ ಮೊಟ್ಟೆ ಮಲಗುತ್ತದೆ. ಒಂದು ದಿನದೊಳಗೆ ಬಿಸಿ ಆಮ್ಲದಲ್ಲಿ ಅದ್ದಿ ಎಬ್ಬಿಸಬೇಕು, ಇಲ್ಲವೇ ತಿಂಗಳುಗಟ್ಟಲೆ ಶೀತಲಗೃಹದಲ್ಲಿಡಬೇಕು. ಮಾಗಡಿಯವರ ಕಪ್ಪು ಮೊಟ್ಟೆಗಳಿಗೂ ಇದೇ ಕಾರಣ: ಅವನ್ನಿಟ್ಟ ತಾಯಂದಿರಲ್ಲಿ ಸಿಎಸ್‌ಆರ್ ಪಾಲಿತ್ತು.

ಕೂಡಿಸುವುದೂ ಸಲೀಸಲ್ಲ. ಮೈಸೂರು ತಳಿ ಹಣ್ಣಾಗಲು ಹೆಚ್ಚು ದಿನ ಹಿಡಿಯುತ್ತದೆ, ಅದನ್ನು ಮೊದಲೇ ಮೇಯಿಸಲು ಶುರು ಮಾಡದಿದ್ದರೆ ಎರಡೂ ಚಿಟ್ಟೆಗಳು ಒಂದೇ ದಿನ ಸಿಗುವುದಿಲ್ಲ. ಕೋಶದಲ್ಲಿರುವಾಗಲೇ ಹೆಣ್ಣು ಗಂಡು ಬೇರ್ಪಡಿಸಬೇಕು. ತಡವಾದರೆ ತಮ್ಮ ತಳಿಯೊಳಗೇ ಕೂಡಿಬಿಡುತ್ತವೆ.

ಶಿಡ್ಲಘಟ್ಟದವರು: ಬೇಸಿಗೆಯಲ್ಲಿ ನಮ್ಮ ಸಿಎಸ್‌ಆರ್ ಬಗೆಯ ದ್ವಿತಳಿ ಹುಳು ಕೊನೆಯ ಹಂತದಲ್ಲಿ ಸಾಯುತ್ತಿವೆ. ಅದಕ್ಕೂ ಈ ಕೂಡಿಸುವಿಕೆಗೂ ಸಂಬಂಧವಿದೆಯೇ?

ಮಾಗಡಿ ಕಡೆಯ ಬೆಳೆಗಾರ: ಅದು ಬೇರೆಯೇ ಕಥೆ, ಮೊದಲು ಮನೆಯ ಶಾಖ ಅಳೆಯಿರಿ. ಹಾಂ, ನನ್ನದೊಂದು ಅನುಮಾನ. ದ್ವಿತಳಿಯ ಡಬಲ್ ಹೈಬ್ರಿಡ್‌ನಲ್ಲಿ ಸಿಎಸ್‌ಆರ್–6 ಮತ್ತು 26ರ ಮಿಶ್ರವನ್ನು 2 ಮತ್ತು 27ರ ಮಿಶ್ರಕ್ಕೆ ಕೂಡಿಸುತ್ತಾರಲ್ಲ. ಮಿಶ್ರಕ್ಕೆ ಮಿಶ್ರ! ಅದೇಕೆ ಒಡೆದುಹೋಗುವುದಿಲ್ಲ?

ನಿವೃತ್ತ: ಅಲ್ಲಿ ಅಣ್ಣ ತಂಗಿಯರು ಕೂಡುವುದಿಲ್ಲ. ಮೊದಲ ಜೋಡಿಯ ಎರಡೂ ತಳಿ ನಡು ಸಣ್ಣಗಿನ ಗೂಡಿನವು, ಎರಡನೇ ಜೋಡಿಯವು ಅಂಡಾಕಾರದವು. ಕೊನೆಯ ಕೂಡುವಿಕೆಯಲ್ಲಿ ಪ್ರತಿ ಹುಳುವಿಗೂ ಆ ಕಡೆಯದೊಂದು, ಈ ಕಡೆಯದೊಂದು ಪಾಲು ಸಿಕ್ಕೇ ಸಿಗುತ್ತದೆ. ತಾಯಿಯೇ ಮಿಶ್ರವಾದ್ದರಿಂದ ಬಿತ್ತನೆ ಬೆಳೆಯೂ ಗಟ್ಟಿ, ಮೊಟ್ಟೆಯೂ ಹೆಚ್ಚು.

ಕನಕಪುರ: ಆದರೂ ಗೂಡು ಅಷ್ಟು ಸಮನಾಗಿರುವುದಿಲ್ಲ, ನಾನು ನೋಡಿದ್ದೇನೆ.

ನಿವೃತ್ತ: ಸ್ವಲ್ಪ ಏರುಪೇರು ಇರುತ್ತದೆ, ಒಪ್ಪುತ್ತೇನೆ. ನೀವು ಕಂಡದ್ದು ತಳಿಯದೋ ಸೊಪ್ಪಿನದೋ, ಗೂಡು ನೋಡದೆ ಹೇಳಲಾರೆ.

ಕೇಳಿದವರು: ಆರಿಸಿಟ್ಟ ಗೂಡಿನಿಂದ ಆಗಲೇ ಚಿಟ್ಟೆ ಬಂದು ಕೂಡಿವೆ. ಕುತೂಹಲಕ್ಕೆ ಒಂದು ಹತ್ತು ಮೊಟ್ಟೆ ಸಾಕಿ ನೋಡಲೇ?

ನಿವೃತ್ತ: ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿಸದೆ ಬೇಡ. ಗಂಟುರೋಗ ತಾಯಿಯಿಂದ ಮೊಟ್ಟೆಯೊಳಗೇ ಬರುತ್ತದೆ, ಮೊಟ್ಟೆ ತೊಳೆದರೆ ಹೋಗುವುದಿಲ್ಲ. ಒಂದು ತಾಯಿಗೆ ರೋಗವಿದ್ದರೂ ನಿಮ್ಮ ಹುಳು ಮನೆ ಪೂರ್ತಿ ಅಂಟುತ್ತದೆ. ನೋಡಿಸಿದ ಮೇಲೂ ಸಾಕುವುದಾದರೆ ಬೇರೆ ಕೋಣೆಯಲ್ಲಿ, ಮುಖ್ಯ ಬೆಳೆ ಇಳಿಸಿದ ನಂತರ.