ಎಣ್ಣೆ ಕೈಗೆ ಬೆರಳಚ್ಚು ಹಿಡಿಯುತ್ತಿಲ್ಲ, ಕಾರ್ಡ್ ಹಾಕೋಣವೇ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಸಿಎನ್‌ಸಿ ಮಷೀನ್ ಶಾಪ್. 64 ಜನ, ಮೂರು ಶಿಫ್ಟ್. ಹತ್ತು ಹನ್ನೆರಡು ಜನರ ಬೆರಳನ್ನು ಹಾಜರಿ ಯಂತ್ರ ಹಿಡಿಯುವುದೇ ಇಲ್ಲ. ಕಾರ್ಡ್ ಹಾಕೋಣವೇ, ಇಲ್ಲ ರಿಜಿಸ್ಟರ್‌ಗೇ ವಾಪಸ್ ಹೋಗೋಣವೇ? ಖರ್ಚೂ ತಿಳಿಸಿ.

ಯಂತ್ರ ಅಳವಡಿಸುವವರು: ಹೊಸ ಯಂತ್ರ ಬೇಡ ಸರ್. ಸೆಟ್ಟಿಂಗ್‌ನಲ್ಲಿ ಮ್ಯಾಚಿಂಗ್ ಥ್ರೆಶೋಲ್ಡ್, ಅಂದರೆ ಅಚ್ಚು ಎಷ್ಟು ಹೊಂದಬೇಕು ಎಂಬ ಮಿತಿ, ಇಳಿಸಿ, ಎಲ್ಲರ ಬೆರಳೂ ಹಿಡಿಯುತ್ತದೆ.

ಪೇರೋಲ್ ನೋಡುವವರು: ಹಿಡಿಯುತ್ತದೆ ನಿಜ, ಆದರೆ ಒಬ್ಬರ ಬೆರಳಿಗೆ ಇನ್ನೊಬ್ಬರ ಹೆಸರು ಬರುವ ಅಪಾಯವೂ ಹೆಚ್ಚುತ್ತದೆ. ಎಲ್ಲರಿಗೂ ಇಳಿಸಬೇಡಿ. ತೊಂದರೆ ಇರುವವರು ಮೊದಲು ತಮ್ಮ ನಂಬರ್ ಒತ್ತಿ ಆಮೇಲೆ ಬೆರಳಿಡಲಿ. ಆಗ ಯಂತ್ರ 64 ಜನರಲ್ಲಿ ಹುಡುಕುವುದಿಲ್ಲ, ಆ ಒಬ್ಬರ ಅಚ್ಚಿನ ಜೊತೆ ಮಾತ್ರ ಹೋಲಿಸುತ್ತದೆ. ಅಲ್ಲಿ ಸ್ವಲ್ಪ ಸಡಿಲ ಬಿಟ್ಟರೂ ನಡೆಯುತ್ತದೆ.

ಮೂಲ ಕಾರಣ ಕೈಯಲ್ಲಿದೆ. ಕೂಲಂಟ್‌ನಿಂದ ಬೆರಳು ಒದ್ದೆಯಾಗಿರುತ್ತದೆ, ಬರ್ ತೆಗೆಯುವವರ ಹೆಬ್ಬೆರಳಿನ ಗೆರೆಗಳೇ ಸವೆದಿರುತ್ತವೆ. ಕೈ ತೊಳೆದು ಒರೆಸಿಕೊಂಡ ಮೇಲೆ ಎಡಗೈ ಉಂಗುರದ ಬೆರಳನ್ನೂ ನಡುಬೆರಳನ್ನೂ ಹೊಸದಾಗಿ ನೋಂದಾಯಿಸಿ. ಶಿಫ್ಟ್ ಬಿಡುವಾಗ ಅದೇ ಬೆರಳನ್ನು ಪರೀಕ್ಷಿಸಿ. ಆಗಲೂ ಮೂರು ಸಲ ಇಡಬೇಕಾದರೆ ಆ ಮನುಷ್ಯನಿಗೆ ಬೆರಳಚ್ಚು ಹೊಂದುವುದಿಲ್ಲ ಎಂದೇ ಲೆಕ್ಕ.

ಪ್ರಶ್ನೆ ಕೇಳಿದವರು: ಹಾಗಾದರೆ ಕಾರ್ಡೇ ಸುಲಭವಲ್ಲವೇ?

ಪೇರೋಲ್ ನೋಡುವವರು: ಅಗ್ಗ, ವೇಗ ಎರಡೂ ಹೌದು. ಕಾರ್ಡ್ ಸುಮಾರು 30 ರೂಪಾಯಿ ಎಂದರೆ 64 ಜನಕ್ಕೆ 1,920. ರೀಡರ್ ಯಂತ್ರ ಆರೇಳು ಸಾವಿರ. ಆದರೆ ಒಬ್ಬನೇ ಮೂರು ಕಾರ್ಡ್ ತೋರಿಸಿದರೂ ಯಂತ್ರಕ್ಕೆ ಗೊತ್ತಾಗುವುದಿಲ್ಲ. ನಾಲ್ಕು ಜನ ತಿಂಗಳಿಗೆ ಎರಡೆರಡು ದಿನ ಕೆಲಸಕ್ಕೆ ಬಾರದೆಯೇ ಹೀಗೆ ಹಾಜರಿ ಹಾಕಿಸಿಕೊಂಡರು ಎಂದುಕೊಳ್ಳಿ. ದಿನಗೂಲಿ 650 ಆದರೆ 5,200 ರೂಪಾಯಿ ಹೋಯಿತು. ಒಂದೆರಡು ತಿಂಗಳಲ್ಲೇ ಯಂತ್ರದ ಬೆಲೆಯಷ್ಟು. ಪತ್ತೆ ಹಚ್ಚಲು ಪಂಚ್ ಪಟ್ಟಿಯಲ್ಲಿ ಎರಡು ಮೂರು ಸೆಕೆಂಡ್ ಅಂತರದಲ್ಲಿ ಯಾವಾಗಲೂ ಒಟ್ಟಿಗೇ ಬರುವ ಹೆಸರುಗಳನ್ನು ನೋಡಿ. ಗೇಟಲ್ಲಿ ಸೆಕ್ಯುರಿಟಿ ಮುಖ ನೋಡಿ ಬಿಡುವುದಾದರೆ ಮಾತ್ರ ಕಾರ್ಡ್ ಸರಿ.

ಕಚೇರಿ ನಡೆಸುವವರು: ನಮ್ಮಲ್ಲಿ 12 ಜನ, 200 ರೂಪಾಯಿಯ ರಿಜಿಸ್ಟರ್ ಸಾಕಾಗಿದೆ. ಇಷ್ಟೆಲ್ಲ ಯಾಕೆ?

ಪೇರೋಲ್ ನೋಡುವವರು: ನಿಮ್ಮದು ಒಂದೇ ಶಿಫ್ಟ್, ಸಾಕು. ಇವರಲ್ಲಿ 64 ಜನ, 26 ದಿನ, ದಿನಕ್ಕೆ ಎರಡು ನಮೂದು, ಒಟ್ಟು 3,328. ಸಂಬಳ ಮಾಡುವಾಗ ಒಂದೊಂದನ್ನು ಕಂಪ್ಯೂಟರ್‌ಗೆ ಏರಿಸಲು 10 ಸೆಕೆಂಡ್ ಹಿಡಿದರೂ ಒಂಬತ್ತು ಗಂಟೆ ದಾಟುತ್ತದೆ. ಜೊತೆಗೆ 6:20ಕ್ಕೆ ಬಂದವರು 6:00 ಎಂದು ಬರೆದರೆ ಯಾರು ಕೇಳುತ್ತಾರೆ?

ಈ ಶಾಪ್‌ಗೆ ನಾನು ಹೇಳುವುದು ಮುಖ ಗುರುತಿಸುವ ಯಂತ್ರ. ಸಾಧಾರಣ ಮಾದರಿ 8ರಿಂದ 15 ಸಾವಿರದೊಳಗೆ ಸಿಗುತ್ತದೆ. ಕೊಳ್ಳುವ ಮೊದಲು ನೌಕರನ ಫೋಟೋವನ್ನು ಮೊಬೈಲ್ ಪರದೆಯಲ್ಲಿ ಹಿಡಿದು ತೋರಿಸಿ. ಅದಕ್ಕೂ ಹಾಜರಿ ಹಾಕಿದರೆ ವಾಪಸ್ ಕೊಡಿ. ಶಟರ್ ಎದುರಿಗೆ ಹಾಕಬೇಡಿ, ಬೆಳಗಿನ ಬಿಸಿಲು ಬಿದ್ದರೆ ಮುಖ ಹಿಡಿಯುವುದಿಲ್ಲ. ಕರೆಂಟ್ ಹೋದಾಗಲೂ ನಡೆಯುವಂತೆ ಚಿಕ್ಕ ಯುಪಿಎಸ್ ಕೊಡಿ.

ಪ್ರಶ್ನೆ ಕೇಳಿದವರು: ಇನ್ನೊಂದು ತೊಂದರೆ. ರಾತ್ರಿ ಪಾಳಿಯವರಿಗೆ ಕೆಲವೊಮ್ಮೆ 16 ಗಂಟೆ ಕೆಲಸ ಎಂದು ಬರುತ್ತಿದೆ.

ಪೇರೋಲ್ ನೋಡುವವರು: ಅದು ಯಂತ್ರದ ತಪ್ಪಲ್ಲ, ಸಾಫ್ಟ್‌ವೇರ್‌ನದು. ರಾತ್ರಿ 10ಕ್ಕೆ ಒಳಗೆ, ಬೆಳಿಗ್ಗೆ 6ಕ್ಕೆ ಹೊರಗೆ. ಸಾಫ್ಟ್‌ವೇರ್ ನಡುರಾತ್ರಿಗೆ ದಿನ ಬದಲಿಸುತ್ತದೆ. ಹೀಗಾಗಿ ಬೆಳಗಿನ 6 ಅನ್ನು ಆ ದಿನದ ‘ಇನ್’ ಎಂದೂ ರಾತ್ರಿ 10 ಅನ್ನು ‘ಔಟ್’ ಎಂದೂ ಓದುತ್ತದೆ. ನಡುವೆ 16 ಗಂಟೆ. ಅದೇ ಓಟಿ ಪಟ್ಟಿಗೆ ಹೋದರೆ ಎಂಟು ಗಂಟೆಗೆ ದುಪ್ಪಟ್ಟು ದರ ಕೊಡಬೇಕಾಗುತ್ತದೆ.

ದಿನದ ಗಡಿಯನ್ನು ಮಧ್ಯಾಹ್ನ 12ಕ್ಕೆ ಸರಿಸಿದರೆ ರಾತ್ರಿಯವರದು ಸರಿಹೋಗುತ್ತದೆ, ಆದರೆ ಬೆಳಿಗ್ಗೆ 5:50ಕ್ಕೆ ಬರುವವರ ‘ಇನ್’ ಹಿಂದಿನ ದಿನಕ್ಕೆ ಸೇರಿಬಿಡುತ್ತದೆ. ಅದಕ್ಕೆ ಆ ವಾರ ರಾತ್ರಿ ಪಾಳಿಯಲ್ಲಿರುವವರಿಗಷ್ಟೇ ಆ ಗಡಿ ಹಾಕಬೇಕು. ಪಾಳಿ ಬದಲಾಗುವ ಮೊದಲೇ ರೋಸ್ಟರ್ ಏರಿಸಿರಬೇಕು. ಒಳಗೆ, ಹೊರಗೆ ಬೇರೆ ಬೇರೆ ಯಂತ್ರ ಇಟ್ಟರೆ ಇನ್ನೂ ಒಳ್ಳೆಯದು.

ಯಂತ್ರ ಅಳವಡಿಸುವವರು: ಪಂಚ್ ತಪ್ಪಿದರೆ ಎಚ್‌ಆರ್ ಎಡಿಟ್ ಮಾಡಿಕೊಳ್ಳಬಹುದಲ್ಲ.

ಪೇರೋಲ್ ನೋಡುವವರು: ಮೋಸ ನುಗ್ಗುವುದೇ ಆ ಬಾಗಿಲಿನಿಂದ. ಶಿಫ್ಟ್ ಸೂಪರ್‌ವೈಸರ್ ಅವತ್ತೇ ಸಹಿ ಹಾಕಿದ ಚೀಟಿ ಇಲ್ಲದೆ ತಿದ್ದುಪಡಿ ಬೇಡ. ತಿಂಗಳ ಕೊನೆಗೆ ಯಾರು, ಯಾವಾಗ, ಏನು ತಿದ್ದಿದರು ಎಂಬ ಪಟ್ಟಿಯನ್ನು ಮಾಲೀಕರೇ ತೆಗೆದು ಆ ಚೀಟಿಗಳ ಜೊತೆ ತಾಳೆ ನೋಡಲಿ.

ಪ್ರಶ್ನೆ ಕೇಳಿದವರು: ಯಾರಾದರೂ ಮುಖ, ಬೆರಳು ಎರಡೂ ಕೊಡುವುದಿಲ್ಲ ಎಂದರೆ?

ಪೇರೋಲ್ ನೋಡುವವರು: ಒತ್ತಾಯ ಮಾಡಬೇಡಿ, ಅವರಿಗೆ ಕಾರ್ಡ್ ಕೊಡಿ, ಗೇಟಲ್ಲಿ ಮುಖ ನೋಡಿ ಬಿಡಲಿ. ಕೆಲಸ ಬಿಟ್ಟವರ ಅಚ್ಚನ್ನು ಯಂತ್ರದಿಂದಲೂ ಸಾಫ್ಟ್‌ವೇರ್‌ನಿಂದಲೂ ಅಳಿಸಿ. ಗುತ್ತಿಗೆ ಕಾರ್ಮಿಕರ ಒಪ್ಪಿಗೆ ಪತ್ರವನ್ನು ನೀವು ತೆಗೆದುಕೊಳ್ಳಬೇಕೋ ಗುತ್ತಿಗೆದಾರರೋ ಎಂಬುದನ್ನು ನಿಮ್ಮ ವಕೀಲರ ಹತ್ತಿರ ಕೇಳಿ.